ಕಿವಿಯಲ್ಲಿ ಎದೆಬಡಿತ ಕೇಳಿಸ್ತಿದೆಯಾ? ಡ್ರಾಪ್ಸ್ ಹಾಕೋ ಮುಂಚೆ ನಾಡಿ ಹಿಡಿದು ನೋಡಿ

ಹಗಲೆಲ್ಲ ಅಂಗಡಿ ಗದ್ದಲ, ಬಸ್ಸಿನ ಹಾರ್ನ್, ಗಿರಾಕಿಗಳ ಮಾತು. ಆಗ ಏನೂ ಗೊತ್ತಾಗಲ್ಲ. ರಾತ್ರಿ ಲೈಟ್ ಆರಿಸಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಒಂದು ಕಿವಿಯಲ್ಲಿ ‘ಸುಯ್... ಸುಯ್... ಸುಯ್’ ಅಂತ ಶುರು. ಕೆಲವರಿಗೆ ಅದು ‘ಧಡ್ ಧಡ್’ ಅಂತ ಕೇಳಿಸುತ್ತೆ, ಇನ್ನು ಕೆಲವರಿಗೆ ಹಿಟ್ಟಿನ ಗಿರಣಿ ದೂರದಲ್ಲಿ ಓಡಿದ ಹಾಗೆ. ಹೆಚ್ಚಿನವರು ಮಾಡೋದು ಒಂದೇ ಕೆಲಸ: ಮೆಡಿಕಲ್ ಸ್ಟೋರ್‌ಗೆ ಹೋಗಿ ಕಿವಿಗೆ ಹಾಕುವ ಡ್ರಾಪ್ಸ್ ತರೋದು. ಅದರಿಂದ ಕಡಿಮೆ ಆಗದಿದ್ದರೆ ‘ನರದ ವೀಕ್‌ನೆಸ್’ ಅಂತ ವಿಟಮಿನ್ ಮಾತ್ರೆ.

ಆದರೆ ಈ ಶಬ್ದ ನಿಮ್ಮ ಎದೆಬಡಿತದ ಜೊತೆಗೇ ತಾಳ ಹಾಕುತ್ತಿದ್ದರೆ ಅದು ಮಾಮೂಲಿ ‘ಕಿವಿ ಗುಂಯ್‌ಗುಟ್ಟುವ’ ತೊಂದರೆ ಅಲ್ಲ. ವೈದ್ಯರು ಇದನ್ನು ಪಲ್ಸಟೈಲ್ ಟಿನ್ನಿಟಸ್ ಅಂತ ಕರೀತಾರೆ, ನಾಡಿ ತಾಳದ ಕಿವಿಶಬ್ದ ಅನ್ನಬಹುದು. ಮಾಮೂಲಿ ಗುಂಯ್ ಶಬ್ದಕ್ಕೆ ಬಹುತೇಕ ಸಲ ಇಂಥದ್ದೇ ಅಂತ ಕಾರಣ ಸಿಗೋದಿಲ್ಲ. ನಾಡಿ ತಾಳದ ಶಬ್ದದಲ್ಲಿ ಹುಡುಕಿದರೆ ಕಾರಣ ಸಿಗುವ ಸಾಧ್ಯತೆ ಚೆನ್ನಾಗಿದೆ. ಆ ಕಾರಣಗಳಲ್ಲಿ ಕೆಲವು ಕಣ್ಣಿನ ದೃಷ್ಟಿಗೆ, ಕೆಲವು ಮಿದುಳಿಗೆ ಸಂಬಂಧಪಟ್ಟಿರುತ್ತವೆ.

ಮೊದಲು ಮನೆಯಲ್ಲೇ ಈ ಪರೀಕ್ಷೆ

ಇದಕ್ಕೆ ಯಾವ ಯಂತ್ರವೂ ಬೇಡ. ನಿಶ್ಶಬ್ದವಾದ ಕೋಣೆಯಲ್ಲಿ ಕೂತು, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹಿಡೀರಿ. ಒಂದು ನಿಮಿಷ ಕಿವಿಯ ಶಬ್ದವನ್ನೂ ನಾಡಿಯನ್ನೂ ಒಟ್ಟಿಗೆ ಗಮನಿಸಿ. ನಾಡಿ ಒಂದು ಸಲ ಬಡಿದಾಗ ಶಬ್ದವೂ ಒಂದು ಸಲ ಬರುತ್ತಾ? ನಾಲ್ಕೈದು ಸಲ ಮೆಟ್ಟಿಲು ಹತ್ತಿಳಿದು ಬಂದು ಮತ್ತೆ ನೋಡಿ. ನಾಡಿ ಜೋರಾದಾಗ ಶಬ್ದವೂ ಅಷ್ಟೇ ಜೋರಾಗಿ ಓಡಿದರೆ ಅದು ರಕ್ತ ಹರಿಯುವ ಶಬ್ದ ಅಂತ ತಿಳೀರಿ.

ತಾಳ ಕೂಡದಿದ್ದರೆ ವಿಷಯ ಬೇರೆ. ಒಂದೇ ಸಮನೆ ‘ಕೀಂ’ ಅನ್ನೋದು ಮಾಮೂಲಿ ಟಿನ್ನಿಟಸ್. ಅಡ್ಡಾದಿಡ್ಡಿಯಾಗಿ ‘ಟಿಕ್ ಟಿಕ್’ ಅಂದರೆ ಕಿವಿಯೊಳಗಿನ ಅಥವಾ ಗಂಟಲಿನ ಸಣ್ಣ ಸ್ನಾಯು ಅದುರುತ್ತಿರಬಹುದು. ಇವಕ್ಕೂ ಇಎನ್‌ಟಿ ವೈದ್ಯರನ್ನು ಕಾಣಬೇಕು, ಆದರೆ ಹುಡುಕುವ ದಾರಿಯೇ ಬೇರೆ.

ಇನ್ನೂ ಒಂದು ಗಮನಿಸಿ: ಶಬ್ದ ಒಂದೇ ಕಿವಿಯಲ್ಲೋ, ಎರಡೂ ಕಿವಿಯಲ್ಲೋ? ಎರಡೂ ಕಡೆ ಇದ್ದರೆ ಇಡೀ ಮೈಯ ರಕ್ತದ ಓಟವೇ ಜೋರಾಗಿರುವ ಸಾಧ್ಯತೆ ಹೆಚ್ಚು. ಒಂದೇ ಕಡೆ ಇದ್ದರೆ ಆ ಕಡೆಯ ರಕ್ತನಾಳವನ್ನು ನೋಡಬೇಕಾಗುತ್ತೆ.

ರಕ್ತದ ಶಬ್ದ ಕಿವಿಗೆ ಹೇಗೆ ಬರುತ್ತೆ?

ನಮ್ಮ ಒಳಗಿವಿ ಇರೋದು ತಲೆಬುರುಡೆಯ ಬದಿಯ ಗಟ್ಟಿ ಮೂಳೆಯೊಳಗೆ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ, ಅಂದರೆ ಕೆರೋಟಿಡ್, ಒಳಗಿವಿಯ ಮುಂದೆಯೇ ಅದೇ ಮೂಳೆ ಕೊರೆದುಕೊಂಡು ಹೋಗುತ್ತೆ. ಮಿದುಳಿನಿಂದ ರಕ್ತ ವಾಪಸ್ ಇಳಿಸುವ ದೊಡ್ಡ ಅಭಿಧಮನಿ ಕಿವಿಯ ಹಿಂದಿನಿಂದ ಬಾಗಿ ಕುತ್ತಿಗೆಗೆ ಇಳಿಯುತ್ತೆ. ಎರಡು ದೊಡ್ಡ ಪೈಪ್‌ಗಳ ನಡುವೆ ಮೈಕ್ ಇಟ್ಟ ಹಾಗೆ ಇದು.

ಪೈಪ್ ಅಗಲವಾಗಿದ್ದು ನೀರು ಸಲೀಸಾಗಿ ಹರಿದರೆ ಸದ್ದಿಲ್ಲ. ನಲ್ಲಿಯನ್ನು ಅರ್ಧ ತಿರುಗಿಸಿದಾಗ, ಪೈಪ್ ಒಂದು ಕಡೆ ಹಿಚುಕಿದಾಗ, ಅಥವಾ ಮೋಟಾರ್ ವಿಪರೀತ ಒತ್ತಡ ಕೊಟ್ಟಾಗ ‘ಸುಯ್’ ಅನ್ನುತ್ತೆ. ರಕ್ತನಾಳದಲ್ಲೂ ಆಗೋದು ಅದೇ. ಹಾಗಾಗಿ ವೈದ್ಯರು ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಮೈಯಲ್ಲೆಲ್ಲ ರಕ್ತದ ಓಟ ಜೋರಾಗಿದೆಯಾ? ವಾಪಸ್ ಬರುವ ಅಭಿಧಮನಿಯನ್ನು ಯಾವುದಾದರೂ ಒತ್ತಡ ಹಿಚುಕುತ್ತಿದೆಯಾ? ಇಲ್ಲ, ಅಪಧಮನಿಯಲ್ಲೇ ತೊಂದರೆ ಇದೆಯಾ?

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ, ತಮಟೆಯ ಹಿಂದೆ ನೀರು ತುಂಬಿದ್ದರೆ ಕೂಡ ಹೊರಗಿನ ಸದ್ದು ಕಡಿಮೆಯಾಗಿ ಒಳಗಿನ ಸದ್ದು ದೊಡ್ಡದಾಗಿ ಕೇಳಿಸುತ್ತೆ. ಎರಡೂ ಕಿವಿಗೆ ಬೆರಳು ತುರುಕಿಕೊಂಡರೆ ನಮ್ಮದೇ ಉಸಿರು, ಎದೆಬಡಿತ ಕೇಳಿಸಲ್ವೇ, ಹಾಗೆ. ಇದು ಇದ್ದದ್ದರಲ್ಲಿ ಸುಲಭದ ಕಾರಣ. ಅದಕ್ಕೇ ಮೊದಲು ಇಎನ್‌ಟಿ ವೈದ್ಯರು ಕಿವಿಯೊಳಗೆ ಇಣುಕಿ ನೋಡಬೇಕು. ಅವರು ಇನ್ನೊಂದನ್ನೂ ನೋಡ್ತಾರೆ: ತಮಟೆಯ ಹಿಂದೆ ಕೆಂಪಗೆ ಮಿಡಿಯುವ ಗಂಟು. ಅದು ರಕ್ತನಾಳಗಳಿಂದ ತುಂಬಿದ, ಹೆಚ್ಚಾಗಿ ನಿಧಾನವಾಗಿ ಬೆಳೆಯುವ ಗ್ಲೋಮಸ್ ಗಡ್ಡೆ ಆಗಿರಬಹುದು. ಅಂಥ ಕಿವಿಗೆ ಬೀದಿಬದಿ ಗುಗ್ಗೆ ತೆಗೆಯುವವರ ಕಡ್ಡಿ ಹೋದರೆ ರಕ್ತ ನಿಲ್ಲಿಸೋದು ಕಷ್ಟ.

ಅಗ್ಗದ ಮೂರು ಪರೀಕ್ಷೆ ಮೊದಲು

ಸ್ಕ್ಯಾನ್‌ಗೆ ಓಡುವ ಮುಂಚೆ ತಾಲೂಕು ಆಸ್ಪತ್ರೆಯಲ್ಲೇ ಆಗುವ ಮೂರು ಪರೀಕ್ಷೆಗಳಿವೆ: ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್.

ರಕ್ತಹೀನತೆ ಇದ್ದಾಗ ರಕ್ತ ತೆಳ್ಳಗಾಗುತ್ತೆ, ಹೃದಯ ಜಾಸ್ತಿ ರಕ್ತ ತಳ್ಳಬೇಕಾಗುತ್ತೆ. ಓಟ ಜೋರಾಗಿ ಕಿವಿಯಲ್ಲಿ ಸದ್ದು. ನಮ್ಮ ಕಡೆ ಇದನ್ನು ಕಡೆಗಣಿಸುವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನರಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 7, 8ಕ್ಕೆ ಇಳಿದವರಿಗೆ ಕಿವಿಯಲ್ಲಿ ಎದೆಬಡಿತದ ಜೊತೆ ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು ಸಾಮಾನ್ಯವಾಗಿ ಇರುತ್ತೆ. ಕಬ್ಬಿಣಾಂಶದ ಚಿಕಿತ್ಸೆಯಿಂದ ರಕ್ತ ಸರಿಯಾದ ಮೇಲೆ ಸದ್ದು ತಾನಾಗೇ ನಿಲ್ಲಬಹುದು. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುತ್ತಿದ್ದರೂ, ಬಸುರಿಯಾಗಿದ್ದಾಗಲೂ ಇದೇ ಥರ ರಕ್ತದ ಓಟ ಜೋರಾಗಿರುತ್ತೆ.

ಆದರೆ ಒಂದು ಎಚ್ಚರ. ಹಿಮೋಗ್ಲೋಬಿನ್ 11 ಇದೆ, ಸ್ವಲ್ಪ ಕಡಿಮೆ ಅಷ್ಟೇ, ಇದರಿಂದಲೇ ಇರಬೇಕು ಅಂತ ಅಲ್ಲಿಗೇ ನಿಲ್ಲಿಸಬಾರದು. ಅಷ್ಟು ಸಣ್ಣ ಕೊರತೆ, ಅದರಲ್ಲೂ ಒಂದೇ ಕಿವಿಯ ಶಬ್ದಕ್ಕೆ, ಪೂರ್ತಿ ಉತ್ತರ ಅಲ್ಲ.

ಹೆಣ್ಣುಮಕ್ಕಳು ಮುಖ್ಯವಾಗಿ ಓದಬೇಕಾದ್ದು: ತಲೆಯೊಳಗಿನ ಒತ್ತಡ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಮಿದುಳು ಒಂದು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತೆ. ಆ ದ್ರವದ ಒತ್ತಡ ಏರಿದಾಗ ಕಿವಿಯ ಹಿಂದೆ ಇಳಿಯುವ ಅಭಿಧಮನಿ ಹಿಚುಕಿದಂತಾಗಿ ಕಿರಿದಾಗುತ್ತೆ, ರಕ್ತ ಸುಳಿ ಸುತ್ತುತ್ತೆ, ಸದ್ದು ಬರುತ್ತೆ. ಅದೇ ಒತ್ತಡ ಕಣ್ಣಿನ ನರದ ಮೇಲೂ ಬೀಳುತ್ತೆ. ಗಡ್ಡೆ, ಹೆಪ್ಪು ಏನೂ ಇಲ್ಲದೆ ಹೀಗೆ ಒತ್ತಡ ಏರೋದನ್ನು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಚಿಕ್ಕದಾಗಿ ಐಐಎಚ್ ಅಂತಾರೆ. ಕೈಗೆ ಪಟ್ಟಿ ಸುತ್ತಿ ನೋಡುವ ಬಿಪಿಗೂ ಇದಕ್ಕೂ ಸಂಬಂಧ ಇಲ್ಲ. ಬಿಪಿ ಸರಿಯಿದ್ದರೂ ತಲೆಯೊಳಗಿನ ಒತ್ತಡ ಏರಿರಬಹುದು.

ಇದು ಹೆಚ್ಚಾಗಿ ಬರೋದು ಮುಟ್ಟು ನಿಲ್ಲದ ವಯಸ್ಸಿನ, ಇತ್ತೀಚೆಗೆ ತೂಕ ಏರಿರುವ ಹೆಂಗಸರಿಗೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಥರದ ಮಾತ್ರೆ, ವಿಟಮಿನ್ ಎ ಜಾತಿಯ ಮಾತ್ರೆಗಳಿಂದಲೂ ಬರಬಹುದು. ಹಾಗಾಗಿ ವೈದ್ಯರ ಹತ್ತಿರ ಹೋಗುವಾಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಖಾಲಿ ಪಟ್ಟಿ ಎಲ್ಲ ಒಯ್ಯಿರಿ.

ಒಂದು ಉದಾಹರಣೆ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ, ಈ ಕಾಯಿಲೆ ಸಾಮಾನ್ಯವಾಗಿ ನಡೆದುಕೊಳ್ಳುವ ರೀತಿಯನ್ನು ತೋರಿಸಲು ಹೆಣೆದದ್ದು.

ವಯಸ್ಸು 32. ಟೈಲರಿಂಗ್ ಜೊತೆ ಫ್ಯಾನ್ಸಿ ಸ್ಟೋರ್ ನಡೆಸುವ ಹೆಂಗಸು. ಎಂಟು ತಿಂಗಳಲ್ಲಿ 11 ಕಿಲೋ ಏರಿ ಈಗ 80 ಕಿಲೋ. ಎರಡು ತಿಂಗಳಿಂದ ಬಲಗಿವಿಯಲ್ಲಿ ನಾಡಿ ತಾಳದ ‘ಸುಯ್’. ಎರಡು ಸಲ ಡ್ರಾಪ್ಸ್ ಆಯ್ತು. ಬೆಳಿಗ್ಗೆ ಏಳುವಾಗ ತಲೆನೋವು, ಅದನ್ನು ಮೈಗ್ರೇನ್ ಅಂದುಕೊಂಡಿದ್ದಾರೆ. ಬಟ್ಟೆ ಗಂಟು ಎತ್ತಲು ಬಗ್ಗಿ ಏಳುವಾಗ ಕಣ್ಣಮುಂದೆ ಎರಡು ಮೂರು ಸೆಕೆಂಡ್ ಮಂಕು ಕವಿದು ಮತ್ತೆ ಸರಿಹೋಗುತ್ತೆ. ‘ಊಟ ಸರಿಯಾಗಿ ಮಾಡಿಲ್ಲ, ಅದಕ್ಕೇ’ ಅಂತ ಮನೆಯವರು ಹೇಳ್ತಾರೆ.

ಇಎನ್‌ಟಿ ವೈದ್ಯರು ನೋಡಿದಾಗ ತಮಟೆ ಸರಿಯಿದೆ, ಶ್ರವಣ ಪರೀಕ್ಷೆಯೂ ಸರಿಯಿದೆ. ಬಿಪಿ 128/82, ಹಿಮೋಗ್ಲೋಬಿನ್ 11.6, ಥೈರಾಯ್ಡ್ ಸರಿ. ವೈದ್ಯರು ಬಲಗಡೆ ಕುತ್ತಿಗೆಯ ಬದಿಯನ್ನು ಬೆರಳಿನಿಂದ ಹಗುರವಾಗಿ ಒತ್ತಿದಾಗ ಸದ್ದು ತಟ್ಟನೆ ನಿಂತಿತು, ಬೆರಳು ತೆಗೆದಾಗ ಮತ್ತೆ ಬಂತು. ಅಷ್ಟು ಹಗುರದ ಒತ್ತಡಕ್ಕೆ ಮುಚ್ಚಿಕೊಳ್ಳೋದು ಅಭಿಧಮನಿ ಮಾತ್ರ, ಅಪಧಮನಿ ಅಲ್ಲ. ಅಲ್ಲಿಗೆ ಸದ್ದು ಯಾವ ಕಡೆಯ ನಾಳದ್ದು ಅನ್ನೋ ಸುಳಿವು ಸಿಕ್ಕಿತು. ಇದನ್ನು ಮನೆಯಲ್ಲಿ ಮಾಡಿಕೊಳ್ಳಲು ಹೋಗಬೇಡಿ. ವಯಸ್ಸಾದವರ ಕುತ್ತಿಗೆ ಅಪಧಮನಿಯಲ್ಲಿ ಕೊಬ್ಬಿನ ಗಟ್ಟಿ ಇದ್ದರೆ ಒತ್ತೋದು ಅಪಾಯ.

ಮುಂದಿನ ಹೆಜ್ಜೆ ಸ್ಕ್ಯಾನ್ ಅಲ್ಲ, ಕಣ್ಣಿನ ವೈದ್ಯರು. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗ ನೋಡ್ತಾರೆ, ಫಂಡಸ್ ಪರೀಕ್ಷೆ ಅಂತಾರೆ. ಖರ್ಚು ಕಡಿಮೆ, ಕೆಲಸ ಹೆಚ್ಚೆಂದರೆ ಅರ್ಧ ಮುಕ್ಕಾಲು ಗಂಟೆ. ಇಲ್ಲಿ ಎರಡೂ ಕಣ್ಣಿನ ನರ ಊದಿರೋದು ಕಂಡಿತು. ಕನ್ನಡಕದ ನಂಬರ್ ನೋಡುವ ಪರೀಕ್ಷೆಯಲ್ಲಿ ಇದು ಗೊತ್ತಾಗಲ್ಲ. ಈಕೆ ಬೋರ್ಡ್ ಮೇಲಿನ ಕೊನೆ ಸಾಲನ್ನೂ ಓದಿದ್ದರು. ಈ ಕಾಯಿಲೆಯಲ್ಲಿ ದೃಷ್ಟಿ ಸಾಮಾನ್ಯವಾಗಿ ಅಂಚಿನಿಂದ ಸವೆಯುತ್ತೆ, ನಡುವಿನ ನೋಟ ಕೊನೆಗೆ ಹೋಗುತ್ತೆ. ಅದಕ್ಕೇ ಮನುಷ್ಯನಿಗೆ ತಿಳಿಯೋ ಹೊತ್ತಿಗೆ ತಡವಾಗಿರುತ್ತೆ.

ಕಣ್ಣಿನ ನರ ಊದಿದೆ ಅಂದಮೇಲೆ ಕಾಯುವ ಹಾಗಿಲ್ಲ, ಅದೇ ದಿನ ಅಥವಾ ಮರುದಿನ ದೊಡ್ಡಾಸ್ಪತ್ರೆ. ಅಲ್ಲಿ ಮಿದುಳಿನ ಎಂಆರ್‌ಐ, ಜೊತೆಗೆ ಅಭಿಧಮನಿಗಳನ್ನು ತೋರಿಸುವ ಎಂಆರ್ ವೆನೋಗ್ರಾಂ. ಇಲ್ಲಿ ಜನ ಎಡವೋದು ಉಂಟು. ಬರೀ ‘ತಲೆ ಸ್ಕ್ಯಾನ್’ ಮಾಡಿಸಿ ನಾರ್ಮಲ್ ಅಂತ ವಾಪಸ್ ಬರ್ತಾರೆ, ವೆನೋಗ್ರಾಂ ಆಗಿರೋದೇ ಇಲ್ಲ. ಎರಡೂ ಬೇಕು. ಯಾಕೆಂದರೆ ಗಡ್ಡೆ ಇಲ್ಲ ಅಂತ ಒಂದು ಹೇಳಿದರೆ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅಂತ ಇನ್ನೊಂದು ಹೇಳಬೇಕು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಈ ಹೆಪ್ಪಿನ ಭಯ ಹೆಚ್ಚು, ಅದಕ್ಕೆ ಚಿಕಿತ್ಸೆಯೇ ಬೇರೆ.

ಈಕೆಗೆ ಗಡ್ಡೆಯೂ ಇಲ್ಲ, ಹೆಪ್ಪೂ ಇಲ್ಲ. ಅಭಿಧಮನಿ ಮಾತ್ರ ಕಿರಿದಾಗಿತ್ತು. ಆಮೇಲೆ ಸೊಂಟದಲ್ಲಿ ಸೂಜಿ ಹಾಕಿ ದ್ರವದ ಒತ್ತಡ ಅಳೆದರು. ದೊಡ್ಡವರಲ್ಲಿ 25 ಸೆಂಟಿಮೀಟರ್ ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ, ಈಕೆಗೆ 34 ಬಂತು. ದ್ರವ ತಿಳಿಯಾಗಿತ್ತು, ಸೋಂಕಿರಲಿಲ್ಲ. ಸ್ವಲ್ಪ ದ್ರವ ತೆಗೆದ ದಿನ ಕಿವಿಯ ಸದ್ದು ನಿಂತುಹೋಯಿತು, ಕೆಲವು ದಿನಕ್ಕೆ ವಾಪಸ್ ಬಂತು. ಒತ್ತಡಕ್ಕೂ ಸದ್ದಿಗೂ ಇರುವ ನಂಟು ಇದರಿಂದಲೇ ಸಾಬೀತು. ‘ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತೆ’ ಅನ್ನೋ ಮಾತು ಊರಲ್ಲಿದೆ. ಸೂಜಿ ಹೋಗೋದು ಮಿದುಳುಬಳ್ಳಿ ಮುಗಿದ ಕೆಳಗಿನ ಜಾಗಕ್ಕೆ. ಒಂದೆರಡು ದಿನ ತಲೆನೋವು ಬರಬಹುದು, ಕಾಲು ಹೋಗೋ ಭಯ ಬೇಡ.

ಚಿಕಿತ್ಸೆ ಅಸೆಟಜೋಲಮೈಡ್ ಮಾತ್ರೆ. ಬೆರಳು ಜುಮ್ಮೆನ್ನೋದು, ಸೋಡಾ ಕುಡಿದರೆ ರುಚಿ ಸಪ್ಪೆ ಅನ್ನಿಸೋದು ಇದರಲ್ಲಿ ಮಾಮೂಲಿ. ಕಿಡ್ನಿಯಲ್ಲಿ ಕಲ್ಲು ಇದ್ದವರು, ಬಸುರಿಯರು ವೈದ್ಯರಿಗೆ ಮೊದಲೇ ಹೇಳಬೇಕು. ಜೊತೆಗೆ ತೂಕ ಇಳಿಸೋದು. ದೇಹದ ತೂಕದ 5ರಿಂದ 10%, ಅಂದರೆ ಈಕೆಗೆ 4ರಿಂದ 8 ಕಿಲೋ ಇಳಿದರೂ ಒತ್ತಡ ಇಳಿಯೋಕೆ ಸಹಾಯ ಆಗುತ್ತೆ. ಪ್ರತಿ ಭೇಟಿಯಲ್ಲೂ ಕಣ್ಣಿನ ಅಂಚಿನ ನೋಟ ಅಳೆಯುವ ಫೀಲ್ಡ್ ಪರೀಕ್ಷೆ. ಆರು ತಿಂಗಳಲ್ಲಿ 7 ಕಿಲೋ ಇಳಿದು, ನರದ ಊತ ಇಳಿದು, ಕಿವಿಯ ಸದ್ದು ಅಪರೂಪಕ್ಕೊಮ್ಮೆ ಅನ್ನುವಷ್ಟಕ್ಕೆ ಬಂತು. ಮಾತ್ರೆಯಿಂದಲೂ ದೃಷ್ಟಿ ಉಳಿಯೋ ಸೂಚನೆ ಕಾಣದಿದ್ದರೆ ಆಪರೇಷನ್ ಅಥವಾ ನಾಳಕ್ಕೆ ಸ್ಟೆಂಟ್ ದಾರಿ ಇದೆ.

ವಯಸ್ಸಾದವರಲ್ಲಿ, ಏಟು ಬಿದ್ದವರಲ್ಲಿ: ಅಪಧಮನಿ

ಐವತ್ತು ದಾಟಿದವರು, ಬೀಡಿ ಸಿಗರೇಟ್ ಸೇದುವವರು, ಶುಗರ್ ಬಿಪಿ ಇರುವವರಿಗೆ ಹೊಸದಾಗಿ ಒಂದು ಕಿವಿಯಲ್ಲಿ ಎದೆಬಡಿತ ಶುರುವಾದರೆ ಕುತ್ತಿಗೆಯ ಕೆರೋಟಿಡ್ ಕೊಬ್ಬು ಕಟ್ಟಿ ಕಿರಿದಾಗಿದೆಯಾ ಅಂತ ನೋಡಬೇಕು. ವೈದ್ಯರು ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟರೆ ಅವರಿಗೂ ‘ಸುಯ್’ ಕೇಳಿಸಬಹುದು. ಖಚಿತ ಮಾಡಲು ಕೆರೋಟಿಡ್ ಡಾಪ್ಲರ್ ಸ್ಕ್ಯಾನ್ ಸಾಕು, ಅದು ಹೊಟ್ಟೆ ಸ್ಕ್ಯಾನ್ ಮಾಡುವಂಥದ್ದೇ ಯಂತ್ರ, ಸೂಜಿ ಇಲ್ಲ. ಇದನ್ನು ಹುಡುಕೋದು ಕಿವಿಗಾಗಿ ಅಲ್ಲ, ಮುಂದೆ ಲಕ್ವ ಹೊಡೆಯದಿರಲಿ ಅಂತ.

ಇನ್ನೊಂದು ಅಪಧಮನಿಯ ಒಳಪದರ ಹರಿಯೋದು. ಬೈಕ್ ಅಪಘಾತ, ಭಾರ ಎತ್ತುವಾಗ ಕುತ್ತಿಗೆ ಉಳುಕು, ಕಟಿಂಗ್ ಮುಗಿದ ಮೇಲೆ ಕುತ್ತಿಗೆ ಹಿಡಿದು ‘ಲಟಕ್’ ಅನ್ನಿಸೋದು, ಇಂಥದ್ದರ ನಂತರ ಬರಬಹುದು. ಲಟಕ್ ಅನ್ನಿಸಿಕೊಂಡ ಎಲ್ಲರಿಗೂ ಆಗಲ್ಲ, ಅಪರೂಪ. ಆದರೆ ಆದಾಗ ಕಾಣಬಹುದಾದ ಲಕ್ಷಣಗಳು: ಒಂದು ಕಡೆ ಕುತ್ತಿಗೆ ಅಥವಾ ಮುಖ ನೋವು, ಅದೇ ಕಡೆ ಕಿವಿಯಲ್ಲಿ ಬಡಿತ, ಅದೇ ಕಡೆಯ ಕಣ್ಣಿನ ರೆಪ್ಪೆ ಜೋತು ಪಾಪೆ ಚಿಕ್ಕದಾಗೋದು. ಇದು ತುರ್ತು. ಮಲಾಮು ಹಚ್ಚಿ ನಾಳೆ ನೋಡೋಣ ಅನ್ನಬೇಡಿ.

ಮೂರನೆಯದು ಅಪಧಮನಿ ಮತ್ತು ಅಭಿಧಮನಿ ನಡುವೆ ಅಡ್ಡದಾರಿ ಬೀಳೋದು, ಡ್ಯೂರಲ್ ಫಿಸ್ಟುಲಾ ಅಂತಾರೆ. ಜೋರಿನ ರಕ್ತ ನೇರವಾಗಿ ತೆಳು ಗೋಡೆಯ ನಾಳಕ್ಕೆ ನುಗ್ಗುತ್ತೆ. ಕಿವಿಯ ಹಿಂದಿನ ಮೂಳೆಗೆ ಸ್ಟೆತಸ್ಕೋಪ್ ಇಟ್ಟರೆ ವೈದ್ಯರಿಗೂ ಸದ್ದು ಕೇಳಿಸಬಹುದು. ಹಾಗೆ ಬೇರೆಯವರಿಗೂ ಕೇಳಿಸಿದರೆ ಅದನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ, ಯಾಕೆಂದರೆ ಕೆಲವು ಫಿಸ್ಟುಲಾಗಳಲ್ಲಿ ಮಿದುಳಿನ ರಕ್ತಸ್ರಾವದ ಭಯ ಇದೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಸಣ್ಣ ಫಿಸ್ಟುಲಾ ತಪ್ಪಿಸಿಕೊಳ್ಳಬಹುದು. ಅನುಮಾನ ಗಟ್ಟಿಯಿದ್ದರೆ ತೊಡೆ ಅಥವಾ ಮಣಿಕಟ್ಟಿನ ನಾಳದಿಂದ ತೆಳು ಟ್ಯೂಬ್ ಕಳಿಸಿ ಮಾಡುವ ಆಂಜಿಯೋಗ್ರಾಂ ಬೇಕು. ಅದೇ ದಾರಿಯಲ್ಲಿ ಔಷಧ ತುಂಬಿ ಅಡ್ಡದಾರಿಯನ್ನು ಮುಚ್ಚಲೂ ಆಗುತ್ತೆ. ತಲೆಗೆ ಏಟಾದ ಮೇಲೆ ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬಿ, ತಲೆಯಲ್ಲಿ ‘ಸುಯ್’ ಅಂತ ಬಂದರೂ ಇಂಥದ್ದೇ ಅಡ್ಡದಾರಿ ಇರಬಹುದು.

ಯಾವಾಗ ಅದೇ ದಿನ ಓಡಬೇಕು?

ಕಿವಿಯ ಬಡಿತದ ಜೊತೆ ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಅಂದೇ ಆಸ್ಪತ್ರೆ:

- ಕಣ್ಣು ಮಂಜಾಗೋದು, ಕ್ಷಣಕಾಲ ಕತ್ತಲಾಗೋದು, ಒಂದು ವಸ್ತು ಎರಡಾಗಿ ಕಾಣೋದು
- ಏಕಾಏಕಿ ಹಿಂದೆಂದೂ ಬಾರದಂಥ ತಲೆನೋವು, ಫಿಟ್ಸ್
- ಕುತ್ತಿಗೆ ನೋವಿನ ಜೊತೆ ರೆಪ್ಪೆ ಜೋತುಬೀಳೋದು
- ಮುಖ, ಕೈ, ಕಾಲು ಒಂದು ಕಡೆ ಬಲ ಕಳೆದುಕೊಳ್ಳೋದು, ಮಾತು ತೊದಲೋದು
- ತಲೆಗೆ ಏಟು ಬಿದ್ದ ಮೇಲೆ ಶುರುವಾದ ಸದ್ದು
- ಹೆರಿಗೆಯಾದ ಆರು ವಾರದೊಳಗೆ ತಲೆನೋವಿನ ಜೊತೆ ಸದ್ದು

ಕೈಕಾಲು ಬಲ ಹೋದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಇವ್ಯಾವುದೂ ಇಲ್ಲದಿದ್ದರೆ ಗಾಬರಿ ಬೇಡ, ಒಂದೆರಡು ವಾರದೊಳಗೆ ತೋರಿಸಿಕೊಳ್ಳಿ.

ಎಲ್ಲಿಗೆ, ಏನು ಹೇಳಬೇಕು?

ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ರಕ್ತಪರೀಕ್ಷೆ ಮಾಡಿಸಿ, ಇಎನ್‌ಟಿ ಮತ್ತು ಕಣ್ಣಿನ ವೈದ್ಯರನ್ನು ಕಾಣೋದು ಮೊದಲ ಸುತ್ತು. ತಾಲೂಕಿನಲ್ಲಿ ಅವರು ಸಿಗದಿದ್ದರೆ ಜಿಲ್ಲಾಸ್ಪತ್ರೆ. ಮುಂದಿನ ಸ್ಕ್ಯಾನ್ ಬೇಕಾದರೆ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ, ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಆ ಚೀಟಿ ಮುಂದೆ ಕೇಳ್ತಾರೆ. ಮಿದುಳಿನ ನಾಳದ ತೊಂದರೆ ಅಂತಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬರೀ ಶ್ರವಣದ ವಿವರ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ವೈದ್ಯರ ಮುಂದೆ ‘ಕಿವಿ ಗುಂಯ್ ಅನ್ನುತ್ತೆ’ ಅಂತ ಹೇಳಿದರೆ ಮಾಮೂಲಿ ಲೆಕ್ಕಕ್ಕೆ ಹೋಗಿಬಿಡುತ್ತೆ. ‘ನಾಡಿ ಬಡಿದ ಹಾಗೆ ಬಡಿಯುತ್ತೆ ಸಾರ್, ಬಲಗಿವೀಲಿ ಮಾತ್ರ, ಎರಡು ತಿಂಗಳಾಯ್ತು, ಆ ಕಡೆಗೆ ಕತ್ತು ತಿರುಗಿಸಿದರೆ ಕಡಿಮೆ ಆಗುತ್ತೆ’ ಅಂತ ಹೇಳಿ. ಈ ನಾಲ್ಕು ಮಾತಿನಿಂದ ಯಾವ ಸ್ಕ್ಯಾನ್ ಬರೀಬೇಕು ಅನ್ನೋದು ಅವರಿಗೆ ಅರ್ಧ ಗೊತ್ತಾಗುತ್ತೆ. ಸ್ಕ್ಯಾನ್ ಸೆಂಟರ್‌ನ ಚೀಟಿಯಲ್ಲೂ ‘ನಾಡಿ ತಾಳದ ಶಬ್ದ, ಬಲಗಡೆ’ ಅಂತ ಬರೆಸಿ. ಏನು ಹುಡುಕಬೇಕು ಅಂತ ತಿಳಿದರೆ ಫಿಲ್ಮ್ ನೋಡುವ ವೈದ್ಯರು ಕಿವಿ ಹಿಂದಿನ ನಾಳವನ್ನು ಬೇರೆಯಾಗಿ ಗಮನಿಸ್ತಾರೆ.

ಎಲ್ಲ ಪರೀಕ್ಷೆ ಸರಿಯಾಗಿ ಆದಮೇಲೂ ಕೆಲವರಿಗೆ ಕಾರಣ ಸಿಗೋದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಕಿವಿಯ ಪಕ್ಕದ ನಾಳ ಸ್ವಲ್ಪ ದೊಡ್ಡದಿರುತ್ತೆ, ಅಷ್ಟೇ. ಅವರಿಗೆ ಅಪಾಯ ಇಲ್ಲ. ರಾತ್ರಿ ಫ್ಯಾನ್ ಹಾಕಿಕೊಂಡು, ಸಣ್ಣಗೆ ರೇಡಿಯೋ ಇಟ್ಟುಕೊಂಡು ಮಲಗಿದರೆ ಸದ್ದು ಹಿಂದೆ ಸರಿಯುತ್ತೆ. ಆದರೆ ಕಣ್ಣಿನ ನರ ಸರಿಯಿದೆ, ನಾಳ ಸರಿಯಿದೆ ಅಂತ ನೋಡಿದ ಮೇಲೆ ಮಾತ್ರ ಫ್ಯಾನ್ ಹಾಕಿಕೊಂಡು ಮಲಗೋದು, ಅದಕ್ಕೆ ಮುಂಚೆ ಅಲ್ಲ.